ಮೊದಲ ವಿಆರ್ ಹೆಡ್‌ಸೆಟ್: ಕ್ವೆಸ್ಟ್ 3ಎಸ್ ಸಾಕಾ, ಈ ಜಾಗ ಸಾಲುತ್ತಾ?

ಶರತ್: ಮೊದಲ ಸಲ ಹೆಡ್‌ಸೆಟ್ ತಗೊಳ್ತಾ ಇದ್ದೇನೆ. ಗೆಳೆಯನ ಕ್ವೆಸ್ಟ್ 3ಎಸ್ ಹಾಕಿ ನೋಡಿದೆ. ಅಕ್ಷರ ಮಸುಕಾಗಿ ಕಾಣಿಸಿತು, ಸ್ವಲ್ಪ ಹೊತ್ತಿಗೇ ಕಣ್ಣು ನೋಯೋಕೆ ಶುರುವಾಯಿತು. ಆಡುವ ಜಾಗದ ಸುತ್ತ ಹೆಡ್‌ಸೆಟ್‌ನಲ್ಲೇ ಗಡಿ ಎಳೆದುಕೊಂಡು ಆಡಿದರೂ ಕೈ ಹೋಗಿ ಗೋಡೆಗೆ ಬಡಿಯಿತು. ನನ್ನ ಕೋಣೆಯಲ್ಲಿ ಖಾಲಿ ಜಾಗ 2.8 × 2.4 ಮೀಟರ್ ಇದೆ.

ಗಿರೀಶ: 3ಎಸ್ ತಗೊಳ್ಳಿ, ಸುಮ್ನೆ ಜಾಸ್ತಿ ಖರ್ಚು ಯಾಕೆ? ಕ್ವೆಸ್ಟ್ 3ರಲ್ಲೂ ಅದೇ ಚಿಪ್, ಆಟಗಳೂ ಅವೇ. ಪಟ್ಟಿ ಸರಿಯಾಗಿ ಕಟ್ಟಿಕೊಳ್ಳದಿದ್ದರೆ ಎಲ್ಲರಿಗೂ ಮಸುಕಾಗಿಯೇ ಕಾಣುತ್ತೆ.

ವಿನುತಾ: ಚಿಪ್ ಒಂದೇ, ಲೆನ್ಸ್ ಬೇರೆ. ಶರತ್, ನೀವು ಕನ್ನಡಕ ಹಾಕ್ತೀರಾ? ಹಾಕಿದರೆ ಕಣ್ಣು ಪರೀಕ್ಷೆ ಚೀಟಿಯಲ್ಲಿ PD ಅಂತ ಬರೆದಿದೆಯಾ ನೋಡಿ. ಎರಡು ಕಣ್ಣುಗಳ ನಡುವಿನ ಅಂತರ ಅದು.

ಶರತ್: ಇದೆ. 72.

ವಿನುತಾ: ಹಾಗಾದ್ರೆ ಮಸುಕಿಗೆ ಕಾರಣ ಬಹುತೇಕ ಅದೇ. 3ಎಸ್‌ನಲ್ಲಿ ಲೆನ್ಸ್ ಮೂರೇ ಜಾಗದಲ್ಲಿ ನಿಲ್ಲುತ್ತೆ: 58, 63, 68 ಮಿಲಿಮೀಟರ್. ನಿಮ್ಮ ಕಣ್ಣು ಕೊನೆಯದನ್ನೂ ದಾಟಿದೆ. 3ಎಸ್ ಲೆನ್ಸ್ ನಡುಭಾಗದಲ್ಲಷ್ಟೇ ಚೆನ್ನಾಗಿ ಕಾಣಿಸುತ್ತೆ, ಸ್ವಲ್ಪ ಪಕ್ಕಕ್ಕೆ ಸರಿದರೂ ಮಂಜು. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಲೆನ್ಸ್ ಅಂತರ ಹೊಂದಿಸಬಹುದು, 75ರವರೆಗಿನ ಕಣ್ಣಿಗೂ ಆಗುತ್ತೆ ಅನ್ನುತ್ತೆ ಮೆಟಾ. ನಿಮ್ಮದು 64 ಆಗಿದ್ದರೆ ನಾನೂ ಗಿರೀಶ್ ಹೇಳಿದ್ದನ್ನೇ ಹೇಳ್ತಿದ್ದೆ.

ಇನ್ನು ಗೋಡೆ. ಗಡಿಯನ್ನು ಗೋಡೆಗೆ ಅಂಟಿಸಿ ಎಳೆದಿದ್ದರೆ ಪೆಟ್ಟು ಖಂಡಿತ. ಗಡಿ ಹತ್ತಿರ ಹೋದಾಗ ಮೂಡುವ ಜಾಲರಿ ಕಣ್ಣಿಗೆ ಕಂಡು ನೀವು ಕೈ ತಡೆಯುವಷ್ಟರಲ್ಲಿ ಬೀಸಿದ ಕೈ ಗೋಡೆ ಮುಟ್ಟಿರುತ್ತೆ. ಸುತ್ತಲೂ 40 ಸೆಂಟಿಮೀಟರ್ ಒಳಗೆ ಎಳೀರಿ. ನಿಮ್ಮ ಕೋಣೆಯಲ್ಲಿ 2 × 1.6 ಮೀಟರ್ ಉಳಿಯುತ್ತೆ. ಓಡಾಡುವ ಆಟಗಳಿಗೆ ಮೆಟಾ ಕೇಳೋದು 2 × 2, ಒಂದು ಕಡೆ ಕಡಿಮೆ ಬೀಳುತ್ತೆ. ನಿಂತಲ್ಲೇ ಆಡೋದಕ್ಕೆ ಧಾರಾಳ.

ಇನ್ನೊಂದು ವಿಷಯ ಜನ ಮರೀತಾರೆ: ಗಡಿ ಸುತ್ತಲೂ ಮಾತ್ರ ಇರುತ್ತೆ, ತಲೆ ಮೇಲೆ ಇಲ್ಲ. ಫ್ಯಾನ್ ನಿಲ್ಲಿಸಿ, ಹೆಡ್‌ಸೆಟ್ ಹಾಕದೆ, ಕಂಟ್ರೋಲರ್ ಹಿಡಿದ ಕೈಯನ್ನು ಪೂರ್ತಿ ಮೇಲೆತ್ತಿ ಒಂದು ಸುತ್ತು ತಿರುಗಿ ನೋಡಿ. ಏನಾದರೂ ತಾಗಿದರೆ ಆ ಜಾಗ ಬೇಡ.

ಗಿರೀಶ: ಕಣ್ಣಿನ ಅಂತರದ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ 40 ಸೆಂಟಿಮೀಟರ್ ಬಿಟ್ಟರೆ ಚಿಕ್ಕ ಕೋಣೆಯವರು ಆಡೋದೇ ಕಷ್ಟ. ನಾನು 20 ಬಿಟ್ಟು ಆಡ್ತೀನಿ, ಏನೂ ಆಗಿಲ್ಲ.

ವಿನುತಾ: ನಿಧಾನದ ಆಟಕ್ಕೆ 20 ನಡೆಯಬಹುದು. ಬಾಕ್ಸಿಂಗ್‌ಗೆ ನಾನಂತೂ ಒಪ್ಪಲ್ಲ.

ಲತಾ: ನನಗೂ ಇದೇ ಸಮಸ್ಯೆ! ರಾತ್ರಿ ಆಡುವಾಗ ಆಟದೊಳಗೆ ಕಾಣೋ ಕೈ ಎಲ್ಲೆಲ್ಲೋ ಹಾರುತ್ತೆ. ಗಡಿ ಒಳಗೆ ಎಳೆದರೆ ಸರಿ ಹೋಗುತ್ತಾ?

ವಿನುತಾ: ಲತಾ ಅವರೇ, ನಿಮ್ಮದು ಬೇರೆ ಸಮಸ್ಯೆ. ಹೆಡ್‌ಸೆಟ್ ಕ್ಯಾಮೆರಾದಿಂದಲೇ ಕೋಣೆಯನ್ನು ಗುರುತು ಹಿಡಿಯುತ್ತೆ, ಕತ್ತಲಲ್ಲಿ ಅದು ತಡವರಿಸುತ್ತೆ. ದೀಪ ಹಾಕಿ ನೋಡಿ. ದೊಡ್ಡ ಕನ್ನಡಿ ಇದ್ದರೆ ಬಟ್ಟೆ ಮುಚ್ಚಿ.

ಲತಾ: ದೀಪ ಹಾಕಿದ ಮೇಲೆ ಎಷ್ಟೋ ವಾಸಿ. ಬೀರು ಕನ್ನಡಿಗೂ ಬೆಡ್‌ಶೀಟ್ ಹೊದಿಸಿದೆ. ಆದರೂ ಆ ಕಡೆ ತಿರುಗಿದಾಗ ಎಡಗೈ ಒಮ್ಮೊಮ್ಮೆ ಮಾಯವಾಗುತ್ತೆ. ಬಲಗೈಗೆ ಏನೂ ಆಗಲ್ಲ.

ವಿನುತಾ: ಎಡಗೈ ಕಂಟ್ರೋಲರ್‌ಗೆ ಹೊಸ ಬ್ಯಾಟರಿ ಹಾಕಿ ನೋಡಿದ್ರಾ?