ಸಹಾಯ ಬೇಕು: ಗೆಳತಿ ಗುಟ್ಟು ಬಿಟ್ಟುಕೊಟ್ಟ ಮೇಲೆ ಯಾರನ್ನೂ ನಂಬಲು ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮದುವೆಯಾಗಿ 6 ವರ್ಷ. ಮಗುವಿಗಾಗಿ ಎರಡು ಸಲ ಐಯುಐ ಚಿಕಿತ್ಸೆ ಮಾಡಿಸಿದೆವು, ಎರಡೂ ಸಲ ನಿಲ್ಲಲಿಲ್ಲ. ನಮ್ಮ ಅತ್ತೆಗೂ ಹೇಳಿರಲಿಲ್ಲ. ಪಿಯುಸಿಯಿಂದ ಜೊತೆಗಿದ್ದ ಗೆಳತಿಗೆ ಮಾತ್ರ ಹೇಳಿದ್ದೆ. ಹೋದ ತಿಂಗಳು ಒಂದು ಸೀಮಂತದಲ್ಲಿ ಮಡಿಲು ತುಂಬಲು ಸಾಲಿನಲ್ಲಿ ನಿಂತಿದ್ದೆ. ಆ ಗೆಳತಿಯ ಓರಗಿತ್ತಿ ನನ್ನ ಕೈಯಿಂದ ಬಳೆ ತಟ್ಟೆಯನ್ನು ಮೆಲ್ಲಗೆ ಇಸ್ಕೊಂಡು, "ಎರಡು ಸಲ ಮಾಡಿಸಿದ್ರೂ ಆಗ್ಲಿಲ್ವಂತೆ, ಪಾಪ" ಅಂದರು. ಆ 'ಎರಡು ಸಲ' ನಾವಿಬ್ಬರು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿದ್ದದ್ದು.

ಕೇಳಿದರೆ, "ಅವರಿಗೆ ಒಳ್ಳೆ ಡಾಕ್ಟರ್ ಗೊತ್ತು, ನಿನ್ನ ಒಳ್ಳೇದಕ್ಕೇ ಹೇಳ್ದೆ" ಎಂದಳು. ಇರಬಹುದೇನೋ. ಆದರೆ ನನ್ನನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಈಗ ಸ್ವಂತ ಅಕ್ಕನ ಹತ್ತಿರ ತಲೆನೋವು ಅನ್ನಲೂ ಹಿಂದೆಮುಂದೆ ನೋಡುತ್ತೇನೆ. ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದು, ಕಳಿಸದೆ ಅಳಿಸುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಎರಡು ಸಲ ಫೋನ್ ಮಾಡಿದೆ. ಆ ಕಡೆಯಿಂದ ದನಿ ಕೇಳಿದ ಕೂಡಲೇ ಕಟ್ ಮಾಡಿದೆ.

ಯಾರಾದರೂ ಅಲ್ಲಿ ಕನ್ನಡದಲ್ಲಿ ಮಾತಾಡಿದ್ದೀರಾ? ಹೆಸರು, ಊರು ಎಲ್ಲ ಕೇಳುತ್ತಾರಾ? ಇನ್ನೊಂದು, ಹೀಗಾದ ಮೇಲೂ ನೀವು ಮತ್ತೊಬ್ಬರಿಗೆ ಮನಸ್ಸು ಬಿಚ್ಚಿದ್ದರೆ, ಮೊದಲು ಯಾವ ಮಾತು ಹೇಳಿ ನೋಡಿದಿರಿ? ಎಷ್ಟು ದಿನ ಕಾದಿರಿ?

"ಸುಮ್ನೆ ಮರೆತುಬಿಡಿ" ಅಂತ ಮಾತ್ರ ಹೇಳಬೇಡಿ. ಮುಂದಿನ ವಾರ ಆ ಗೆಳತಿಯ ಮನೆಯ ಗೃಹಪ್ರವೇಶ, ಹೋಗಲೇಬೇಕು ಅಂತಿದ್ದಾರೆ ನಮ್ಮ ಯಜಮಾನರು.