ಸಂಜೆಗೆ ಮಾತ್ರ ಬೇಕಾದ ನಾಸ್: ಮಲಗಿಸುವುದು, ಎಬ್ಬಿಸುವುದು

ಕೇಳಿದವರು, ರಾಯಚೂರು: ಹಳೆಯ ಪಿಸಿಗೆ ಎರಡು ಡಿಸ್ಕ್ ಹಾಕಿ, ಡೆಬಿಯನ್ ಮೇಲೆ ನಾಸ್ ಮಾಡಿದ್ದೇನೆ. ಸಂಜೆ ಆರರಿಂದ ಹನ್ನೊಂದರವರೆಗೆ ಮಾತ್ರ ಬಳಕೆ. ಉಳಿದ ಹೊತ್ತು ಡಿಸ್ಕ್ ನಿಲ್ಲಿಸಿದರೆ ಸಾಕೇ? ವೇಕ್ ಆನ್ ಲ್ಯಾನ್ ನಂಬಬಹುದೇ? ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಹೋಗುತ್ತದೆ.

ಸಿಂಧನೂರು: ಡಿಸ್ಕ್ ನಿಲ್ಲಿಸಲೇಬೇಡಿ ಸರ್. ಪ್ರತಿ ಸಲ ತಿರುಗಲು ಶುರುವಾದಾಗ ಸವೆಯುತ್ತದೆ.

ಬಳ್ಳಾರಿ: ಸವೆಯುವುದು ನಿಜ, ಆದರೆ ದಿನಕ್ಕೆ ಒಂದೆರಡು ಸಲ ಎದ್ದರೆ ಏನೂ ಆಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಂತು ಏಳುವುದೇ ಕೆಟ್ಟದ್ದು. ನಿಮ್ಮ ಡಿಸ್ಕಿನ ಹೆಸರು ಸೇರಿಸಿ `hdparm -S 241` ಕೊಟ್ಟರೆ ಅರ್ಧ ಗಂಟೆ ಸುಮ್ಮನಿದ್ದ ಮೇಲೆ ಡಿಸ್ಕ್ ನಿಲ್ಲುತ್ತದೆ. ನಿಂತಿದೆಯೋ ಇಲ್ಲವೋ ಎಂಬುದನ್ನು `hdparm -C` ಹೇಳುತ್ತದೆ. ಆಗಾಗ ತಾನಾಗಿ ಏಳುತ್ತಿದ್ದರೆ ಯಾವುದೋ ಲಾಗ್ ಅಥವಾ ಆರೋಗ್ಯ ತಪಾಸಣೆ ಡಿಸ್ಕ್ ಮುಟ್ಟುತ್ತಿದೆ. `smartctl` ಬಳಸುವಾಗ `-n standby` ಸೇರಿಸಿ.

ಆದರೆ ನಿಮಗೆ ಇದು ಅರ್ಧ ಉಳಿತಾಯ. ಡಿಸ್ಕ್ ನಿಂತರೂ ಬೋರ್ಡ್ ಕರೆಂಟ್ ತಿನ್ನುತ್ತಲೇ ಇರುತ್ತದೆ. ಪೂರ್ತಿ ಆರಿಸಿ, ಗಡಿಯಾರದಿಂದಲೇ ಎಬ್ಬಿಸಿ. ರೂಟ್‌ನ ಕ್ರಾನ್‌ನಲ್ಲಿ ಈ ಒಂದು ಸಾಲು ಸಾಕು:

```
30 23 * * * /usr/sbin/rtcwake -m off -s 64800
```

ರಾತ್ರಿ ಹನ್ನೊಂದೂವರೆಗೆ ಆರುತ್ತದೆ, 64800 ಸೆಕೆಂಡು ಎಂದರೆ 18 ಗಂಟೆ ಕಳೆದು ಸಂಜೆ ಐದೂವರೆಗೆ ಏಳುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಕಾಪಿ ಮಾಡುತ್ತಿದ್ದರೂ ಅದು ಕಾಯುವುದಿಲ್ಲ, ನೆನಪಿರಲಿ. `-m mem` ಬೇಡ: ಮಲಗಿದ್ದಾಗ ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ.

ಗಂಗಾವತಿ: ನನ್ನ ಟಿವಿಗೆ ಹಾಕಿದ ಹಾರ್ಡ್ ಡಿಸ್ಕ್ ಕೂಡ ತಾನೇ ಮಲಗಿಬಿಡುತ್ತದೆ, ಸಿನಿಮಾ ನಡುವೆ ನಿಂತುಹೋಗುತ್ತದೆ. ಅದಕ್ಕೂ ಇದೇ ಸಾಲು ಹಾಕಬಹುದೇ ಅಣ್ಣ?

ಬಳ್ಳಾರಿ: ಇಲ್ಲ, ಅದು ಟಿವಿಯ ಅಥವಾ ಡಿಸ್ಕ್ ಪೆಟ್ಟಿಗೆಯ ಕಥೆ. ಬೇರೆಯಾಗಿ ಕೇಳಿ.

ಇನ್ನು ವೇಕ್ ಆನ್ ಲ್ಯಾನ್. ಮಧ್ಯಾಹ್ನ ಏನಾದರೂ ಬೇಕಾದಾಗಷ್ಟೇ ಬಳಸಿ. `ethtool -s enp1s0 wol g` ಕೊಟ್ಟು (ಕಾರ್ಡಿನ ಹೆಸರು ನಿಮ್ಮದು), ಬಯೋಸ್‌ನಲ್ಲಿ `ErP` ಆಫ್ ಮಾಡಿ. ಪಿಸಿ ಆರಿದ ಮೇಲೂ ಲ್ಯಾನ್ ಪೋರ್ಟಿನ ದೀಪ ಉರಿಯುತ್ತಿರಬೇಕು. ಉರಿಯದಿದ್ದರೆ ಸಾಮಾನ್ಯವಾಗಿ ಸಂದೇಶ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲವೆಂದೇ ತಿಳಿಯಿರಿ. ಕರೆಂಟ್ ಹೋಗಿ ಬಂದ ಮೇಲೂ ಇದೇ ತೊಂದರೆ: ಒಮ್ಮೆ ಬೂಟ್ ಆಗುವವರೆಗೆ ಎಷ್ಟೋ ಕಾರ್ಡುಗಳು ಕಿವಿಗೊಡುವುದಿಲ್ಲ. ಆದ್ದರಿಂದ ನಾಸ್ ಮತ್ತು ರೂಟರ್ ಎರಡನ್ನೂ ಯುಪಿಎಸ್ ಮೇಲಿಡಿ. ಆರಿದ ಪಿಸಿ ಎಳೆಯುವುದು ಒಂದೆರಡು ವಾಟ್ ಇರಬಹುದು, ಬ್ಯಾಟರಿಗೆ ಭಾರವಲ್ಲ.

ಸಿರುಗುಪ್ಪ: ಯುಪಿಎಸ್ ಇಲ್ಲದೆ, ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ಏಳುವಂತೆ ಇಟ್ಟಿದ್ದೇನೆ. ಎರಡಕ್ಕೇ ಎದ್ದರೂ ಡಿಸ್ಕ್ ಅರ್ಧ ಗಂಟೆಗೆ ಮಲಗುತ್ತದೆ. ಗಡಿಯಾರದ ಅಲಾರಂ ಮಾತ್ರ ಕರೆಂಟ್ ಹೋಗಿ ಬಂದ ದಿನ ನನ್ನ ಬೋರ್ಡಿನಲ್ಲಿ ನಡೆಯುತ್ತದೆ, ತಮ್ಮನದರಲ್ಲಿ ನಡೆಯುವುದಿಲ್ಲ.

ಕೇಳಿದವರು: ಹಾಗಾದರೆ ಇಂದು ರಾತ್ರಿ ಆರಿಸಿ, ನಾಳೆ ಮಧ್ಯಾಹ್ನ ನಾನೇ ಪ್ಲಗ್ ತೆಗೆದು ಹಾಕಿ ನೋಡುತ್ತೇನೆ. ಐದೂವರೆಗೆ ಏಳದಿದ್ದರೆ ಯುಪಿಎಸ್ ತರುತ್ತೇನೆ.