ಊಟ ಡೆಲಿವರಿ ಮಾಡುವ ಬಸುವಿನ ಐಡಿ ನಿಂತ ಬಗ್ಗೆ ನಮ್ಮ ಮನೆತನದ ಗುಂಪಿನಲ್ಲಿ

ವಿದ್ಯಾ: ಬಸು ಕಳುಹಿಸಿದ ಸ್ಕ್ರೀನ್‌ಶಾಟ್ ಹಾಕಿದ್ದೇನೆ, ಎಲ್ಲರೂ ನೋಡಿರಿ. ರೇಟಿಂಗ್ ಕಡಿಮೆಯಾದ ಕಾರಣ ಅವನ ಐಡಿಯನ್ನು ಮೂರು ದಿನ ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ ಎಂದಷ್ಟೇ ಇದೆ. ಯಾವ ಆರ್ಡರು, ಏನು ದೂರು ಎಂಬುದಿಲ್ಲ.

ಶಂಕರ ಕಾಕಾ: ತಂಗಳಾದ ಊಟಕ್ಕೆ ರೊಕ್ಕ ಕೊಟ್ಟವರು ಸ್ಟಾರ್ ಕಡಿಮೆ ಮಾಡಬಾರದೇನು? ಹೋದ ವಾರ ನಾನೂ ಎರಡೇ ಕೊಟ್ಟೆ.

ವಿದ್ಯಾ: ಕೊಡಿರಿ ಕಾಕಾ, ಆದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ನೋಡಿರಿ. ರವಿವಾರದ ಒಂದು ಆರ್ಡರಿನ ವೇಳೆಯನ್ನು ಬಸು ಬರೆದಿಟ್ಟಿದ್ದಾನೆ. 8.05ಕ್ಕೆ ಆರ್ಡರು ಒಪ್ಪಿಕೊಂಡು 8.14ಕ್ಕೆ ಹೋಟೆಲ್ ಮುಂದೆ ನಿಂತ. ಪಾರ್ಸಲ್ ಕೈಗೆ ಬಂದದ್ದು 8.41ಕ್ಕೆ. ಗಿರಾಕಿಯ ಮನೆ ಉಣಕಲ್ಲಿನಲ್ಲಿ, ಬಿಆರ್‌ಟಿಎಸ್ ರಸ್ತೆಯ ಆಚೆ ಬದಿಗೆ. ಮ್ಯಾಪಿನಲ್ಲಿ ಅದು ಎದುರಿಗೇ ಕಾಣುತ್ತದೆ, ಆದರೆ ನಡುವಿನ ಬಸ್ಸಿನ ದಾರಿಗೆ ಬೇಲಿ ಇರುವುದರಿಂದ ಮುಂದಿನ ಸಿಗ್ನಲ್‌ವರೆಗೆ ಹೋಗಿ ತಿರುಗಿ ಬರಬೇಕು. ಮುಟ್ಟಿದಾಗ 9.02. ಹೋಟೆಲಿನವರು ಕಳೆದ 27 ನಿಮಿಷಕ್ಕೆ ಒಂದು ಸ್ಟಾರ್ ಬಿದ್ದದ್ದು ಬಸುವಿಗೆ.

ಮಹೇಶ: ಒಂದೆರಡು ಸ್ಟಾರಿಗೆ ಐಡಿ ಹೋಗುತ್ತದೆಯೇ ಎಂದು ನಾನೂ ಲೆಕ್ಕ ಹಾಕಿದೆ. ಅವನ ಕಂಪನಿ ಕೊನೆಯ 20 ರೇಟಿಂಗ್‌ಗಳ ಸರಾಸರಿ ನೋಡುತ್ತದಂತೆ, 4.6ಕ್ಕಿಂತ ಕೆಳಗಿಳಿದರೆ ಬಂದ್. ಹದಿನೆಂಟು ಐದು, ಎರಡು ನಾಲ್ಕು ಇದ್ದಾಗ ಅವನದು 4.9. ಎರಡು ಐದು ಹೊರಗೆ ಹೋಗಿ ಅವುಗಳ ಜಾಗಕ್ಕೆ ಎರಡು ಒಂದು ಬಂದವು, ಸರಾಸರಿ 4.5ಕ್ಕೆ ಇಳಿಯಿತು. ಸಮಾಧಾನದಿಂದ ಉಂಡವರು ಸ್ಟಾರ್ ಒತ್ತುವ ಗೋಜಿಗೇ ಹೋಗುವುದಿಲ್ಲವಾದ್ದರಿಂದ, ಆ ಎರಡು ಒಂದುಗಳು ಪಟ್ಟಿಯಿಂದ ಜಾರಿಹೋಗಲು ವಾರಗಟ್ಟಲೆ ಬೇಕು.

ಶಂಕರ ಕಾಕಾ: ಹಾಗಿದ್ದರೆ ಫೋನ್ ಮಾಡಿ ಇದನ್ನೇ ಹೇಳಲಿ.

ವಿದ್ಯಾ: ಯಾರಿಗೆ ಕಾಕಾ? ಆ್ಯಪಿನಲ್ಲಿ ನಂಬರೇ ಇಲ್ಲ. ಚಾಟ್‌ನಲ್ಲಿ ನಾಲ್ಕು ಆಯ್ಕೆಗಳಿವೆ, ಹೋಟೆಲ್ ತಡ ಮಾಡಿತು ಎಂಬುದು ಅದರಲ್ಲಿಲ್ಲ. ‘ಇತರೆ’ ಒತ್ತಿದರೆ ರೇಟಿಂಗ್ ಸುಧಾರಿಸಿಕೊಳ್ಳಿ ಎಂಬ ಉತ್ತರ ಬರುತ್ತದೆ. ಐಡಿ ಬಂದಾದವನು ಮನೆಯಲ್ಲಿ ಕುಳಿತು ಅದನ್ನು ಸುಧಾರಿಸಿಕೊಳ್ಳಬೇಕಂತೆ!

ಮಹೇಶ: 2025ರಲ್ಲಿ ನಮ್ಮ ರಾಜ್ಯವೇ ಗಿಗ್ ಕಾರ್ಮಿಕರ ಕಾನೂನು ಮಾಡಿದೆಯಲ್ಲ. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ಕೊಟ್ಟು 14 ದಿನ ಮೊದಲೇ ತಿಳಿಸಬೇಕು, ಕಾರ್ಮಿಕ ವಿಚಾರಿಸಲು ಮಾತನಾಡುವ ಮನುಷ್ಯನೊಬ್ಬ ಇರಬೇಕು ಎಂದು ಅದರಲ್ಲಿದೆ. ಆದರೆ ‘ತಾತ್ಕಾಲಿಕ’ ಎಂದು ಬರೆದರೆ ತೆಗೆದಂತಾಗಲಿಲ್ಲ ಎಂದು ಕಂಪನಿ ವಾದಿಸಬಹುದು. ನನಗೆ ಅನುಮಾನವಿರುವುದು ಆ ಒಂದು ಶಬ್ದದ ಮೇಲೆಯೇ.

ಶಂಕರ ಕಾಕಾ: ಅನುಮಾನವಿದ್ದರೆ ಅರ್ಜಿಯಲ್ಲಿ ಅದನ್ನೇ ಕೇಳೋಣ: ಇದು ತೆಗೆದದ್ದೋ, ಅಲ್ಲವೋ? ವಿದ್ಯಾ, ಆ ವೇಳೆಗಳನ್ನೂ ಹೋಟೆಲ್ ಮುಟ್ಟಿದ್ದನ್ನು ತೋರಿಸುವ ಸ್ಕ್ರೀನ್‌ಶಾಟನ್ನೂ ನನಗೆ ಕಳಿಸು, ರಾತ್ರಿ ಬರೆದುಕೊಡುತ್ತೇನೆ. ಹೋದ ವಾರ ನನಗೆ ಊಟ ತಂದ ಹುಡುಗನೂ ಹೋಟೆಲಿನಲ್ಲಿಯೇ ನಿಂತಿದ್ದನೋ ಏನೋ, ನಾನು ಕೇಳಲಿಲ್ಲ.